ಎರಡು ಲೆಕ್ಕ, ಎರಡು ಲಾಭ: ತಾಳೆ ಹಾಕುವುದು ಹೇಗೆ?

ಹುಬ್ಬಳ್ಳಿಯ ತಾರಿಹಾಳ ಕೈಗಾರಿಕಾ ಪ್ರದೇಶದಲ್ಲಿ ಗೇಟ್ ವಾಲ್ವ್ ತಯಾರಿಸುವ ಒಂದು ಕಾರ್ಖಾನೆ ಇದೆ ಎಂದುಕೊಳ್ಳಿ. ಮಾರ್ಚ್ ಮುಗಿದಾಗ ಕಾಸ್ಟಿಂಗ್, ಅಂದರೆ ವೆಚ್ಚ ಲೆಕ್ಕ ನೋಡಿಕೊಳ್ಳುವವರು ₹18,40,000 ಲಾಭ ತೋರಿಸುತ್ತಾರೆ. ಲೆಕ್ಕಪರಿಶೋಧಕರು ಒಪ್ಪಿದ ಲಾಭ-ನಷ್ಟ ಖಾತೆಯಲ್ಲಿ ತೆರಿಗೆಗೆ ಮುಂಚಿನ ಲಾಭ ₹14,14,000. ವ್ಯತ್ಯಾಸ ₹4,26,000. ಯಾರದೂ ತಪ್ಪಿಲ್ಲ, ಆದರೆ ಎರಡೂ ಪುಸ್ತಕ ಒಂದೇ ಖರ್ಚನ್ನು ಒಂದೇ ರೀತಿ ಬರೆದಿಲ್ಲ. ವೆಚ್ಚ ಲೆಕ್ಕಪರಿಶೋಧನೆ ಕಡ್ಡಾಯವಿರುವ ಕಂಪನಿಗಳು ಈ ವ್ಯತ್ಯಾಸವನ್ನು ವಿವರಿಸುವ ತಾಳೆಪಟ್ಟಿಯನ್ನು ಸಿಆರ್‌ಎ-3 ವರದಿಯೊಳಗೇ ಕೊಡಬೇಕು. ಉಳಿದವರಿಗೂ ಇದು ಬೇಕಾಗುತ್ತದೆ, ಏಕೆಂದರೆ ವಾಲ್ವ್‌ನ ಕೊಟೇಶನ್ ಹೊರಡುವುದು ಕಾಸ್ಟಿಂಗ್ ಪುಸ್ತಕದ ದರದ ಮೇಲೆ.

ಮೊದಲು ದಿಕ್ಕು ಗೊತ್ತುಮಾಡಿಕೊಳ್ಳಿ

ವೆಚ್ಚ ಲೆಕ್ಕದ ಲಾಭದಿಂದ ಶುರು ಮಾಡಿ. ಪ್ರತಿ ಬಾಬ್ತಿಗೂ ಕೇಳಬೇಕಾದ ಪ್ರಶ್ನೆ ಒಂದೇ: ಇದರಿಂದಾಗಿ ವೆಚ್ಚ ಲೆಕ್ಕದ ಲಾಭ ಹೆಚ್ಚಾಗಿ ಕಂಡಿದೆಯೋ, ಕಡಿಮೆಯಾಗಿ ಕಂಡಿದೆಯೋ? ಹೆಚ್ಚಾಗಿ ಕಂಡಿದ್ದರೆ ಕಳೆಯಿರಿ, ಕಡಿಮೆಯಾಗಿ ಕಂಡಿದ್ದರೆ ಕೂಡಿಸಿ. ಕೂಡಿಸುವ ಬಾಬ್ತು, ಕಳೆಯುವ ಬಾಬ್ತು ಎಂದು ಬಾಯಿಪಾಠ ಮಾಡಿದವರು ದಾಸ್ತಾನಿನ ಹತ್ತಿರ ಬಂದಾಗ ಎಡವುತ್ತಾರೆ.

ಕಾರ್ಖಾನೆ ಓವರ್‌ಹೆಡ್: ಗೊಂದಲದ ಮೂಲ ಇಲ್ಲೇ

ಇಂಥದ್ದೇ ವಾಲ್ವ್‌ನದು ಎಂದು ನೇರವಾಗಿ ಹೇಳಲಾಗದ ಕಾರ್ಖಾನೆ ಖರ್ಚೇ ಓವರ್‌ಹೆಡ್. ಅದಕ್ಕೆ ಕಾಸ್ಟಿಂಗ್‌ನಲ್ಲಿ ಪ್ರತಿ ಯಂತ್ರ-ಗಂಟೆಗೆ ₹180 ದರ ಹಾಕಲಾಗಿದೆ. ವರ್ಷದಲ್ಲಿ ಯಂತ್ರಗಳು ಓಡಿದ್ದು 20,000 ಗಂಟೆ. ಅಂದರೆ ವಾಲ್ವ್‌ಗಳ ಮೇಲೆ ಹೇರಿದ ಓವರ್‌ಹೆಡ್ ₹36,00,000. ಹಣಕಾಸು ಪುಸ್ತಕದಲ್ಲಿ ಬಿದ್ದಿರುವ ಕಾರ್ಖಾನೆ ಖರ್ಚು ₹38,20,000. ನೇರವಾಗಿ ನೋಡಿದರೆ ₹2,20,000 ಕಡಿಮೆ ವಸೂಲಾಗಿದೆ, ಅಷ್ಟನ್ನು ಕಳೆದರಾಯಿತು.

ಆದರೆ ಆ ₹180ರ ಒಳಗೆ ಏನೇನಿದೆ ಎಂದು ಬಿಡಿಸಿ ನೋಡಬೇಕು. ಅದರಲ್ಲಿ ಸವಕಳಿ ಗಂಟೆಗೆ ₹25ರಂತೆ ಸೇರಿದೆ, ವರ್ಷಕ್ಕೆ ₹5,00,000. ಹಣಕಾಸು ಪುಸ್ತಕದಲ್ಲಿ ಇಳಿಕೆ ಮೌಲ್ಯದ ಮೇಲೆ ಶೇ 15ರಂತೆ ಹಾಕಿದ ಸವಕಳಿ ₹6,10,000. ಇನ್ನು ಶೆಡ್ ಮಾಲೀಕರ ಸ್ವಂತದ್ದು, ಬಾಡಿಗೆ ಕೊಡುವುದಿಲ್ಲ. ಆದರೂ ಬಾಡಿಗೆ ಶೆಡ್‌ನಲ್ಲಿರುವ ಪೈಪೋಟಿಗಾರರ ವೆಚ್ಚಕ್ಕೆ ಹೋಲಿಸಲು ಅನುಕೂಲವಾಗಲೆಂದು ಕಾಸ್ಟಿಂಗ್‌ನಲ್ಲಿ ₹2,40,000 ಕಾಲ್ಪನಿಕ ಬಾಡಿಗೆ ಸೇರಿಸಿದ್ದಾರೆ. ಹಣಕಾಸು ಪುಸ್ತಕದಲ್ಲಿ ಅದರ ಸುಳಿವೇ ಇಲ್ಲ.

ಹಾಗಾಗಿ ನಿಜವಾದ ಖರ್ಚನ್ನು ಕಾಸ್ಟಿಂಗ್ ಪದ್ಧತಿಗೆ ತಂದು ನೋಡೋಣ. ₹38,20,000ದಿಂದ ₹6,10,000 ತೆಗೆದು, ₹5,00,000 ಸವಕಳಿ ಮತ್ತು ₹2,40,000 ಬಾಡಿಗೆ ಸೇರಿಸಿದರೆ ₹39,50,000. ವಸೂಲಾದದ್ದು ₹36,00,000, ಆದ್ದರಿಂದ ನಿಜವಾದ ಕಡಿಮೆ ವಸೂಲಿ ₹3,50,000. ಈಗ ಮೂರು ಸಾಲು ಸಿಗುತ್ತವೆ: ಕಡಿಮೆ ವಸೂಲಿ ₹3,50,000 ಕಳೆಯಿರಿ, ಸವಕಳಿ ವ್ಯತ್ಯಾಸ ₹1,10,000 ಕಳೆಯಿರಿ, ಕಾಲ್ಪನಿಕ ಬಾಡಿಗೆ ₹2,40,000 ಕೂಡಿಸಿ. ನಿವ್ವಳ ಮತ್ತೆ ಅದೇ ₹2,20,000.

ಒಂದೇ ಸಾಲಿನಲ್ಲಿ ಬರೆದರೂ ಸರಿ, ಮೂರು ಸಾಲಿನಲ್ಲಿ ಬರೆದರೂ ಸರಿ. ಎರಡನ್ನೂ ಬೆರೆಸಬಾರದು. ₹2,20,000 ಕಳೆದ ಮೇಲೆ ಮತ್ತೆ ಸವಕಳಿ, ಬಾಡಿಗೆ ಸಾಲುಗಳನ್ನು ಬರೆದರೆ ಅವು ಎರಡು ಸಲ ಸೇರುತ್ತವೆ, ಪಟ್ಟಿ ₹1,30,000 ಹೆಚ್ಚು ಲಾಭ ತೋರಿಸುತ್ತದೆ. ಗುರುತು ಹಿಡಿಯುವುದು ಸುಲಭ: ತಾಳೆಯಾಗದೆ ಉಳಿದ ಮೊತ್ತವು ಬಾಡಿಗೆಯಿಂದ ಸವಕಳಿ ವ್ಯತ್ಯಾಸ ಕಳೆದಷ್ಟೇ ಇದ್ದರೆ ಕಾರಣ ಇದೇ. ಇನ್ನೊಂದು ಎಚ್ಚರಿಕೆ. ಕೆಲವರು ವರ್ಷದ ಕೊನೆಗೆ ಕಡಿಮೆ ವಸೂಲಿಯನ್ನು ವೆಚ್ಚ ಲೆಕ್ಕದ ಲಾಭ-ನಷ್ಟ ಖಾತೆಗೇ ಹಾಕಿ ಮುಗಿಸುತ್ತಾರೆ. ಅಲ್ಲಿ ಅದು ಈಗಾಗಲೇ ಲಾಭದಿಂದ ಕಳೆದಿರುತ್ತದೆ, ತಾಳೆಪಟ್ಟಿಗೆ ಮತ್ತೆ ತರಬೇಡಿ.

ಕಚೇರಿ ಓವರ್‌ಹೆಡ್‌ನಲ್ಲಿ ಇಷ್ಟು ಜಂಜಾಟವಿಲ್ಲ. ಹೇರಿದ್ದು ₹12,60,000, ಆದದ್ದು ₹11,90,000. ಹೆಚ್ಚು ಹೇರಿದ ₹70,000 ಕೂಡಿಸಿ.

ದಾಸ್ತಾನು

ಗೋದಾಮಿನಲ್ಲಿ ಹಳೆ ಅಳತೆಯ 100 ವಾಲ್ವ್ ಉಳಿದಿವೆ. ಒಂದಕ್ಕೆ ತಯಾರಿಕಾ ವೆಚ್ಚ ₹2,900. ಈಗ ಮಾರಿದರೆ, ಮಾರಾಟದ ಖರ್ಚು ಕಳೆದು ಕೈಗೆ ಬರುವುದು ₹2,200. ಲೆಕ್ಕಪತ್ರ ಮಾನದಂಡ 2ರ ಪ್ರಕಾರ ಹಣಕಾಸು ಪುಸ್ತಕದಲ್ಲಿ ಎರಡರಲ್ಲಿ ಕಡಿಮೆಯದನ್ನೇ ಹಿಡಿಯಬೇಕು, ಕಾಸ್ಟಿಂಗ್‌ನಲ್ಲಿ ವೆಚ್ಚವೇ ಉಳಿದಿದೆ. ಮುಕ್ತಾಯ ದಾಸ್ತಾನು ಕಾಸ್ಟಿಂಗ್‌ನಲ್ಲಿ ₹70,000 ಹೆಚ್ಚಿದೆ. ಮುಕ್ತಾಯ ದಾಸ್ತಾನು ಹೆಚ್ಚಿದ್ದರೆ ಲಾಭ ಹೆಚ್ಚು ಕಾಣುತ್ತದೆ, ಆದ್ದರಿಂದ ಕಳೆಯಿರಿ.

ಆರಂಭಿಕ ದಾಸ್ತಾನಿಗೆ ದಿಕ್ಕು ಉಲ್ಟಾ. ಅದು ಕಾಸ್ಟಿಂಗ್‌ನಲ್ಲಿ ₹40,000 ಹೆಚ್ಚಿತ್ತು. ಖರ್ಚಿನ ಕಡೆ ಕೂರುವ ಮೊತ್ತವಾದ್ದರಿಂದ ಲಾಭ ಅಷ್ಟು ಕಡಿಮೆ ಕಂಡಿದೆ, ಕೂಡಿಸಿ. ಈ ₹40,000 ಹೋದ ವರ್ಷದ ತಾಳೆಪಟ್ಟಿಯಲ್ಲಿ ಮುಕ್ತಾಯ ದಾಸ್ತಾನಿನ ವ್ಯತ್ಯಾಸವಾಗಿ ಇರಲೇಬೇಕು. ಇಲ್ಲದಿದ್ದರೆ ಈ ವರ್ಷ ಮುಂದುವರಿಯುವ ಮೊದಲು ಹೋದ ವರ್ಷದ ಫೈಲ್ ತೆಗೆಯಿರಿ.

ಒಂದೇ ಪುಸ್ತಕದಲ್ಲಿರುವವು

ಬ್ಯಾಂಕ್ ಸಾಲದ ಬಡ್ಡಿ ₹3,10,000, ಹಳೆ ಲೇತ್ ಮಾರಿದಾಗಿನ ನಷ್ಟ ₹45,000, ಗಣೇಶೋತ್ಸವದ ದೇಣಿಗೆ ₹25,000. ಇವು ವಾಲ್ವ್ ತಯಾರಿಸಲು ಆದ ಖರ್ಚಲ್ಲ, ಕಾಸ್ಟಿಂಗ್‌ಗೆ ಬಂದಿಲ್ಲ, ಕಳೆಯಿರಿ. ಶೆಡ್ಡಿನ ಮೂಲೆ ಬಾಡಿಗೆಗೆ ಕೊಟ್ಟು ಬಂದ ₹96,000, ಠೇವಣಿ ಬಡ್ಡಿ ₹38,000 ಕೂಡಿಸಿ. ಆದಾಯ ತೆರಿಗೆಯನ್ನು ಇಲ್ಲಿ ಎಳೆದುತರಬೇಡಿ. ತೆರಿಗೆಗೆ ಮುಂಚಿನ ಲಾಭಕ್ಕೇ ತಾಳೆ ಹಾಕಿದರೆ ಪಟ್ಟಿ ಚಿಕ್ಕದಾಗುತ್ತದೆ.

| ವಿವರ | ₹ |
|---|---|
| ವೆಚ್ಚ ಲೆಕ್ಕದ ಲಾಭ | 18,40,000 |
| ಕೂಡಿಸಿ: ಕಾಲ್ಪನಿಕ ಬಾಡಿಗೆ | 2,40,000 |
| ಕಚೇರಿ ಓವರ್‌ಹೆಡ್ ಹೆಚ್ಚು ವಸೂಲಿ | 70,000 |
| ಆರಂಭಿಕ ದಾಸ್ತಾನು | 40,000 |
| ಬಂದ ಬಾಡಿಗೆ, ಠೇವಣಿ ಬಡ್ಡಿ | 1,34,000 |
| ಮೊತ್ತ | 23,24,000 |
| ಕಳೆಯಿರಿ: ಕಾರ್ಖಾನೆ ಓವರ್‌ಹೆಡ್ ಕಡಿಮೆ ವಸೂಲಿ | 3,50,000 |
| ಸವಕಳಿ ವ್ಯತ್ಯಾಸ | 1,10,000 |
| ಮುಕ್ತಾಯ ದಾಸ್ತಾನು | 70,000 |
| ಸಾಲದ ಬಡ್ಡಿ, ಲೇತ್ ನಷ್ಟ, ದೇಣಿಗೆ | 3,80,000 |
| ಹಣಕಾಸು ಲೆಕ್ಕದ ಲಾಭ | 14,14,000 |

₹3,50,000 ಎಲ್ಲಿ ಹೋಯಿತು?

ತಾಳೆಯಾಯಿತೆಂದು ಫೈಲ್ ಮುಚ್ಚುವವರೇ ಹೆಚ್ಚು. ಮೂರು ಸಾಲಿನ ದಾರಿ ಹಿಡಿದುದರ ಪ್ರಯೋಜನ ಸಿಗುವುದು ಈಗ. ₹180 ದರ ಕಟ್ಟಿದ್ದು ₹39,60,000 ಖರ್ಚು, 22,000 ಗಂಟೆ ಎಂಬ ಅಂದಾಜಿನ ಮೇಲೆ. ಕಾಸ್ಟಿಂಗ್ ಪದ್ಧತಿಯ ನಿಜ ಖರ್ಚು ₹39,50,000, ಅಂದರೆ ಖರ್ಚು ಕೈ ಮೀರಿಲ್ಲ, ₹10,000 ಉಳಿದೇ ಇದೆ. ಕೊರತೆಯಾದದ್ದು ಗಂಟೆಯಲ್ಲಿ: 2,000 ಗಂಟೆ, ₹180ರಂತೆ ₹3,60,000. ಎರಕದ ಬಾಡಿಗಳು ಫೌಂಡ್ರಿಯಿಂದ ತಡವಾಗಿ ಬಂದವೋ, ಕರೆಂಟ್ ಹೋಗಿ ಯಂತ್ರ ನಿಂತವೋ, ಆರ್ಡರ್‌ಗಳೇ ಇರಲಿಲ್ಲವೋ ಎಂಬುದನ್ನು ಯಂತ್ರದ ಲಾಗ್‌ಬುಕ್ ಹೇಳಬೇಕು.

20,000 ಗಂಟೆಯನ್ನೇ ಹಿಡಿದು ಮುಂದಿನ ವರ್ಷದ ದರ ಕಟ್ಟಿದರೆ ಅದು ₹197.50 ಆಗುತ್ತದೆ. ಆರ್ಡರ್ ಕೊರತೆಯಿಂದಲೇ ಯಂತ್ರ ನಿಂತಿದ್ದರೆ ಈ ದರದ ಕೊಟೇಶನ್ ಇನ್ನಷ್ಟು ಆರ್ಡರ್ ಕಳೆಯುತ್ತದೆ, ಗಂಟೆ ಮತ್ತೆ ಇಳಿಯುತ್ತದೆ. ಅಂಥಲ್ಲಿ ₹180 ಹಾಗೇ ಇರಲಿ, ನಿಂತ ಗಂಟೆಗಳ ಖರ್ಚನ್ನು ವಾಲ್ವ್ ಮೇಲೆ ಹೇರದೆ ವೆಚ್ಚ ಲೆಕ್ಕದ ಲಾಭ-ನಷ್ಟ ಖಾತೆಯಲ್ಲಿ ಬೇರೆ ಸಾಲಾಗಿ, ತಿಂಗಳು ತಿಂಗಳು ಬರೆಯಿರಿ.