ಪೋಸ್ಟರ್‌ನಲ್ಲಿ ಚಂದ್ರ ಯಾವ ಕಡೆ ಇರಬೇಕು?

ಹೋದ ವರ್ಷ ನನ್ನ ಶಿಷ್ಯೆಯೊಬ್ಬಳ ಭರತನಾಟ್ಯ ರಂಗಪ್ರವೇಶ ಬಳ್ಳಾರಿಯ ರಾಘವ ಕಲಾಮಂದಿರದಲ್ಲಿತ್ತು. ಪೋಸ್ಟರ್‌ಗೆ ಫೋಟೊ ಬೇಡ, ಕೈಯಲ್ಲಿ ಬಿಡಿಸಿದ ಚಿತ್ರ ಇರಲಿ ಅಂತ ಅವಳ ತಾಯಿಗೆ ಆಸೆ. ಊರಲ್ಲೇ ಬೋರ್ಡ್ ಬರೆಯುವ ಹುಡುಗನೊಬ್ಬ ಒಪ್ಪಿಕೊಂಡ. ಉಡುಪು ಹೇಗಿರುತ್ತೆ ಅಂತ ಬರೆದುಕೊಡಿ ಅಂದ. ನಾನು ಒಂದೇ ಸಾಲು ಕಳಿಸಿದೆ: "ರೇಷ್ಮೆ ಉಡುಪು, ಮುಂದೆ ನೆರಿಗೆ, ಸೊಂಟಕ್ಕೆ ಡಾಬು, ಮೈತುಂಬ ದೇವಾಲಯದ ಒಡವೆ."

ಚಿತ್ರ ಬಂತು. ಹುಡುಗಿ ನೆರಿಗೆ ಲಂಗ ಉಟ್ಟಿದ್ದಳು. ಡಾಬು ಬಟ್ಟೆಯ ಒಳಗೆ ಅರ್ಧ ಮುಚ್ಚಿಹೋಗಿತ್ತು. ತಲೆ ಮೇಲೆ ಅಮ್ಮನವರ ಕಿರೀಟ! ಅವನ ತಪ್ಪೇನೂ ಇರಲಿಲ್ಲ. ನಾನು ಬರೆದದ್ದನ್ನು ಓದಿದರೆ ಯಾರಿಗಾದರೂ ಹಾಗೇ ಕಾಣುತ್ತಿತ್ತು.

ಅವನನ್ನು ಕ್ಲಾಸಿಗೆ ಕರೆದೆ. ಹುಡುಗಿಗೆ ಉಡುಪು ಹಾಕಿಸಿ, ಮೊದಲು ಕಾಲು ಕೂಡಿಸಿ ನೇರ ನಿಲ್ಲಿಸಿದೆ. ಮುಂದಿನ ನೆರಿಗೆ ಒಂದರ ಮೇಲೊಂದು ಕೂತು ಸಣ್ಣ ಪಟ್ಟಿಯಂತೆ ಕೆಳಗೆ ಇಳಿದಿತ್ತು. "ಅಕ್ಕಾ, ಇದು ಲಂಗ ಅಲ್ಲೇನು?" ಅಂದ. "ಅರಮಂಡಿ ಮಾಡಮ್ಮ" ಅಂದೆ. ಅವಳು ಮಂಡಿ ಎರಡೂ ಪಕ್ಕಕ್ಕೆ ತಿರುಗಿಸಿ ಅರ್ಧ ಕೂತಳು. ನೆರಿಗೆ ಕಾಲುಗಳ ನಡುವೆ ಬೀಸಣಿಗೆಯಂತೆ ಬಿಚ್ಚಿಕೊಂಡಿತು. ಕೆಳಗಿನ ಜರಿ ಅಂಚು ನೇರ ಗೆರೆಯಾಗಿದ್ದದ್ದು ಬಿಲ್ಲಿನಂತೆ ಬಾಗಿತು. ಹುಡುಗ ತಕ್ಷಣ ಪೆನ್ಸಿಲ್ ತೆಗೆದ.

ಇದಕ್ಕೆ ನಾವೆಲ್ಲ ಫ್ಯಾನ್ ಅಂತಲೇ ಅನ್ನುವುದು. ಹೊಲಿದ ಉಡುಪಿನಲ್ಲಿ ಒಳಗೆ ಪೈಜಾಮ ಇರುತ್ತೆ. ಫ್ಯಾನ್ ಬೇರೆಯೇ ತುಂಡು, ಎರಡು ಕಾಲಿನ ನಡುವೆ ಕೂರುತ್ತದೆ. ಆದ್ದರಿಂದ ಉಡುಪು ವಿವರಿಸುವಾಗ ಹುಡುಗಿ ಹೇಗೆ ನಿಂತಿದ್ದಾಳೆ ಅಂತ ಮೊದಲು ಹೇಳಬೇಕು. ನಿಂತಿದ್ದರೆ ನೆರಿಗೆ ಗೆರೆಗಳು ನೆಟ್ಟಗೆ ಇಳಿಯುತ್ತವೆ. ಅರಮಂಡಿಯಲ್ಲಿ ಎಲ್ಲ ಗೆರೆಗಳೂ ಸೊಂಟದ ನಡುವಿನಿಂದ ಹೊರಟು ಅಗಲವಾಗುತ್ತವೆ. ಗೆರೆ ಸೊಂಟದ ಸುತ್ತಲಿಂದ ಹೊರಟರೆ ಅದು ಲಂಗವೇ.

ಡಾಬಿನದು ಸುಲಭ. ಎಲ್ಲ ಉಟ್ಟು, ಸೆರಗನ್ನು ಎಡ ಭುಜದ ಮೇಲೆ ಹಾಕಿ ಪಿನ್ ಮಾಡಿದ ಮೇಲೆ ಕಟ್ಟುವುದು. ಫ್ಯಾನ್ ಅದರ ಕೆಳಗಿನಿಂದ ಹೊರಡಬೇಕು. ಅಲ್ಲೇ ಕೂತಿದ್ದ ಹುಡುಗಿಯ ಅಜ್ಜಿ "ಅದೇ ಕಣಪ್ಪಾ, ವಡ್ಡಾಣಂ" ಅಂದರು. ನಮ್ಮ ಕಡೆ ತೆಲುಗು ಮಾತು ಜಾಸ್ತಿ ಅಲ್ವಾ, ಅವನಿಗೆ ಅದೇ ಬೇಗ ಹೊಳೆಯಿತು. ಪೋಸ್ಟರ್‌ನಲ್ಲಿ ಮಾತ್ರ ಡಾಬು ಅಂತಲೇ ಉಳಿಸಿದೆ.

ಇನ್ನು ಒಡವೆ. "ದೇವಾಲಯದ ಒಡವೆ" ಅಂದಾಗ ಅವನು ದೇವರ ಮೂರ್ತಿಯ ಒಡವೆ ಅಂದುಕೊಂಡಿದ್ದ. ಟೆಂಪಲ್ ಜ್ಯುವೆಲರಿ ಅಂದರೆ ಕೆಂಪು ಕಲ್ಲು, ಅಲ್ಲಲ್ಲಿ ಹಸಿರು ಕಲ್ಲು ಕೂರಿಸಿದ, ತುದಿಗೆ ಮುತ್ತು ತೂಗುವ ಒಂದು ಬಗೆಯ ಕೆಲಸ. ತಮಿಳುನಾಡಿನ ನಾಗರಕೋಯಿಲ್ ಇದಕ್ಕೆ ಹೆಸರಾದ ಊರು. ಇದನ್ನು ಕನ್ನಡಕ್ಕೆ ತಿರುಗಿಸಬಾರದು, ಬಳಸುವ ಹೆಸರೇ ಸರಿ. "ಚಿನ್ನದ ಒಡವೆ" ಅಂತಲೂ ಬರೆಯಬಾರದು. ನಮ್ಮ ಮಕ್ಕಳು ಹಾಕುವುದು ಗಿಲೀಟಿನದು.

ತಲೆಗೆ ಕಿರೀಟ ಇಲ್ಲ. ಬೈತಲೆಬೊಟ್ಟು ಹಣೆ ಮೇಲೆ ಇಳಿಯುತ್ತದೆ, ಅದರ ಎರಡೂ ಪಕ್ಕ ಕೂದಲಂಚಿನಲ್ಲಿ ಸರಪಳಿ. ಬೈತಲೆಯ ಬಲಕ್ಕೆ ಸೂರ್ಯ ಅನ್ನುವ ದುಂಡನೆಯ ಒಡವೆ, ಎಡಕ್ಕೆ ಚಂದ್ರ ಅನ್ನುವ ಬಾಗಿದ ಒಡವೆ. ಬಲ ಎಡ ಅಂದರೆ ನರ್ತಕಿಯದು, ನೋಡುವವರದಲ್ಲ. ಇದನ್ನು ಎರಡು ಸಲ ಬರೆದು ಕೆಳಗೆ ಗೆರೆ ಎಳೆದೆ. ಕೊನೆಗೆ ಕೊಟ್ಟ ವಿವರ ಹೀಗಿತ್ತು:

"ಅರಮಂಡಿಯಲ್ಲಿ ಕೂತ ನರ್ತಕಿ. ಸೊಂಟದ ನಡುವಿನಿಂದ ಬಿಚ್ಚಿದ ಫ್ಯಾನ್, ಅಂಚು ಬಿಲ್ಲಿನಂತೆ. ಫ್ಯಾನಿನ ಮೇಲಂಚು ಮುಚ್ಚುವಂತೆ ಡಾಬು. ಸೆರಗು ಅವಳ ಎಡ ಭುಜಕ್ಕೆ. ಸೂರ್ಯ ಅವಳ ಬಲಕ್ಕೆ, ಚಂದ್ರ ಅವಳ ಎಡಕ್ಕೆ. ಕಿರೀಟ ಬೇಡ."

ಈ ಸಲ ಚಿತ್ರ ನೋಡಿ ಕಣ್ಣು ತುಂಬಿತು. ಆದರೆ ಪ್ರಿಂಟಿಗೆ ಹೋಗುವ ಮೊದಲು ಬಂದ ಪ್ರೂಫ್‌ನಲ್ಲಿ ಏನೋ ಸರಿಯಿಲ್ಲ ಅನಿಸಿತು. ನೋಡಿದರೆ ಚಂದ್ರ ನನ್ನ ಎಡಕ್ಕಿದ್ದ. ಸೆರಗು ಬಲ ಭುಜಕ್ಕೆ ಹೋಗಿತ್ತು. ಮುಖ ಅಕ್ಷರಗಳ ಕಡೆ ನೋಡಲಿ ಅಂತ ಡಿಟಿಪಿಯವರು ಚಿತ್ರವನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿದ್ದರು. ಚಿತ್ರವನ್ನು ಮೊದಲಿನಂತೆ ಮಾಡಿಸಿ, ಅಕ್ಷರಗಳನ್ನೇ ಆಚೆ ಬದಿಗೆ ಸರಿಸಿದೆವು. ಆಮೇಲಿಂದ ಪ್ರೂಫ್ ಬಂದ ಕೂಡಲೇ ನಾನು ಹುಡುಕುವುದು ಚಂದ್ರನನ್ನೇ. ಅವನು ನನ್ನ ಬಲಗೈ ಕಡೆ ಇದ್ದರೆ ಮಾತ್ರ ಮುಂದಿನ ಅಕ್ಷರ ಓದುತ್ತೇನೆ.