ಸರಸ್ವತಿಯನ್ನು ಹುಡುಕುತ್ತಾ ಶಾಂತಾ ಸಿಕ್ಕಿದ್ದು

ನನ್ನ ತಾಯಿಯ ತಾಯಿಗೆ ಒಬ್ಬಳು ಅಕ್ಕ ಇದ್ದಳು. ನಾವು ದೊಡ್ಡಜ್ಜಿ ಅಂತ ಕರೆಯಬೇಕಾಗಿದ್ದವಳು, ಆದರೆ ನಮ್ಮಲ್ಲಿ ಯಾರೂ ಅವಳನ್ನು ನೋಡಿಲ್ಲ. ಮನೆಯಲ್ಲಿ ಉಳಿದಿದ್ದು ಮೂರೇ ಮಾತು. ಹೆಸರು ಸರಸ್ವತಿ, ಗಂಡ ರಘುನಾಥ, ಅವನು ಬೇಗ ತೀರಿಕೊಂಡ. "ಆಮೇಲೆ ಟೀಚರ್ ಆದಳಂತೆ" ಅಂತ ಅಜ್ಜಿ ಒಮ್ಮೆ ಹೇಳಿದ್ದರು, ಅಷ್ಟೇ. ಈ ಮೂರು ಮಾತಿನಿಂದ ಅವಳ ಇಡೀ ಬದುಕಿನ ದಾಖಲೆ ಜೋಡಿಸಲು ನನಗೆ ನಾಲ್ಕು ವರ್ಷ ಬೇಕಾಯಿತು. ಅದರಲ್ಲಿ ಎರಡು ವರ್ಷ ತಪ್ಪು ಹೆಸರಿನ ಹಿಂದೆ ಹೋಯಿತು. ಇಲ್ಲಿ ಎಲ್ಲರ ಹೆಸರನ್ನೂ ಬದಲಿಸಿ ಬರೆಯುತ್ತಿದ್ದೇನೆ. ಅಕ್ಷರ, ಇನಿಷಿಯಲ್ ಬಂದ ಕಡೆ ಅವನ್ನೂ ಈ ಹೆಸರುಗಳಿಗೆ ಹೊಂದಿಸಿದ್ದೇನೆ. ಉಳಿದದ್ದು ನಡೆದ ಹಾಗೇ ಇದೆ.

ಮೊದಲು ಸಿಕ್ಕಿದ್ದು ಶಾಲೆಯ ದಾಖಲಾತಿ ರಿಜಿಸ್ಟರ್. ಸರಸ್ವತಿ, ತಂದೆ ವಾಮನ, ಹುಟ್ಟಿದ್ದು 1919ರಲ್ಲಿ, ಶಾಲೆ ಬಿಟ್ಟಿದ್ದು 1933ರಲ್ಲಿ. ಅಲ್ಲಿಗೆ ಅವಳು ಮಾಯ. ನಾನು ಎಲ್ಲರೂ ಮಾಡುವುದನ್ನೇ ಮಾಡಿದೆ. ಅವಳ ಹೆಸರಿಗೆ ಗಂಡನ ಹೆಸರು ಸೇರಿಸಿ "ಸರಸ್ವತಿ ರಘುನಾಥ" ಅಂತ ಸಾವಿನ ದಾಖಲೆಗಳಲ್ಲಿ ಹುಡುಕಿದೆ. ಸಿಕ್ಕಿತು ಕೂಡ! 1961ರಲ್ಲಿ ತೀರಿಕೊಂಡ ಒಬ್ಬ ಸರಸ್ವತಿ ರಘುನಾಥ. ವಯಸ್ಸು 35 ಅಂತ ಬರೆದಿತ್ತು. ಲೆಕ್ಕದ ಪ್ರಕಾರ ಅವಳಿಗೆ 42 ಆಗಬೇಕಿತ್ತು. ಹಳೆಯ ದಾಖಲೆಗಳಲ್ಲಿ ವಯಸ್ಸು ಒಂದೆರಡು ವರ್ಷ ಆಚೆ ಈಚೆ ಆಗುವುದು ಮಾಮೂಲು, ಅದಕ್ಕೇ ನಾನು ಮನಸ್ಸಿಗೆ ಸಮಾಧಾನ ಹೇಳಿಕೊಂಡೆ. ಆದರೆ ಏಳು ವರ್ಷ ಅಂದರೆ ಜಾಸ್ತಿ ಆಯಿತು. ಹೆಸರು ಸರಿಯಾಗಿ ಹೊಂದಿದ್ದರಿಂದ ವಯಸ್ಸಿನ ತಪ್ಪು ನನಗೆ ಚಿಕ್ಕದಾಗಿ ಕಂಡಿತು. ಮದುವೆಯಾದ ಹೆಣ್ಣಿನ ವಿಷಯದಲ್ಲಿ ಇದು ತಿರುಗುಮುರುಗಾಗಬೇಕು. ಬದಲಾಗುವುದು ಹೆಸರು. ಹುಟ್ಟಿದ ವರ್ಷ, ಅಪ್ಪ, ಒಡಹುಟ್ಟಿದವರು ಬದಲಾಗುವುದಿಲ್ಲ. ಹೆಸರು ಹೊಂದಿ ಉಳಿದದ್ದು ಹೊಂದದಿದ್ದರೆ ಆ ದಾಖಲೆ ಬೇರೆಯವಳದ್ದು. ಉಳಿದದ್ದೆಲ್ಲ ಹೊಂದಿ ಹೆಸರು ಮಾತ್ರ ಹೊಂದದಿದ್ದರೆ ಅದನ್ನು ಬಿಡಲೇಬಾರದು.

ಗಂಟು ಬಿಚ್ಚಿದ್ದು ಒಂದು ಕ್ರಯಪತ್ರ. ಅಜ್ಜಿಯ ತಮ್ಮ ಮಾಧವನ ಬಗ್ಗೆ ಬೇರೆ ಏನನ್ನೋ ಹುಡುಕುತ್ತಿದ್ದಾಗ ಕಣ್ಣಿಗೆ ಬಿತ್ತು. ಅವರ ಅಪ್ಪ ವಾಮನ ತೀರಿಕೊಂಡ ಮೇಲೆ 1964ರಲ್ಲಿ ಮನೆ ಮಾರಿದ್ದಾರೆ. ಮಾರಿದವರು ಮೂವರು. ಮಗ ಮಾಧವ, ಮಗಳಾಗಿ ನನ್ನ ಅಜ್ಜಿ, ಮೂರನೆಯದಾಗಿ "ಶಾಂತಾ ಕೋಂ ದಿನಕರ, ವಾಮನರವರ ಮಗಳು". ಕೋಂ ಅಂದರೆ ಹೆಂಡತಿ. ಹೆಣ್ಣಿನ ದಾಖಲೆ ಹುಡುಕುವವರಿಗೆ ಇಂಥ ಪತ್ರಕ್ಕಿಂತ ಒಳ್ಳೆಯದು ಇಲ್ಲ. ಯಾಕಂದ್ರೆ ಆಸ್ತಿ ಕೈ ಬದಲಾಗುವಾಗ ಹಕ್ಕಿರುವ ಮಗಳ ಸಹಿ ಬೇಕು. ಅವಳಿಗೆ ಹಕ್ಕು ಹೇಗೆ ಬಂತು ಅಂತ ತೋರಿಸಲು ಅಪ್ಪನ ಹೆಸರು ಬೇಕು. ಈಗಿನ ಗುರುತಿಗೆ ಗಂಡನ ಹೆಸರು ಬೇಕು. ಎರಡೂ ಒಂದೇ ಸಾಲಿನಲ್ಲಿ ಕೂರುತ್ತವೆ.

ಆದರೆ ಶಾಂತಾ ಯಾರು? ನಮ್ಮ ಮನೆಯಲ್ಲಿ ಆ ಹೆಸರನ್ನೇ ಯಾರೂ ಕೇಳಿರಲಿಲ್ಲ. ಇನ್ನೊಬ್ಬಳು ಮಗಳು ಇದ್ದಿರಬಹುದಾ ಅಂತ ಮೊದಲು ನೋಡಬೇಕಾಯಿತು. ಅದೇ ಶಾಲೆಯ ರಿಜಿಸ್ಟರಿನಲ್ಲಿ ಹತ್ತು ವರ್ಷ ಮುಂದೆ, ಹತ್ತು ವರ್ಷ ಹಿಂದೆ ತಿರುವಿ ವಾಮನರ ಮಕ್ಕಳನ್ನೆಲ್ಲ ಬರೆದುಕೊಂಡೆ. ಮೂರೇ ಜನ. ಸರಸ್ವತಿ, ಅಜ್ಜಿ, ಮಾಧವ. ಶಾಲೆಗೆ ಹೋಗದ ಮಗಳೊಬ್ಬಳು ಇರಬಹುದು, ಹಾಗಾಗಿ ಇದು ಪೂರ್ತಿ ಸಾಕ್ಷಿ ಅಲ್ಲ. ಆದರೂ ಸರಸ್ವತಿ 1961ರಲ್ಲೇ ತೀರಿಕೊಂಡಿದ್ದರೆ ಶಾಂತಾ ನಾಲ್ಕನೆಯವಳು ಆಗಬೇಕಿತ್ತು. ಅಂಥವಳ ಸುಳಿವು ಎಲ್ಲೂ ಇಲ್ಲ.

ಆಗ ಅಜ್ಜಿಯ ಟ್ರಂಕಿನಲ್ಲಿದ್ದ ಹಳೆಯ ಕಾಗದ ಮತ್ತೆ ತೆಗೆದೆ. ಸರಸ್ವತಿ ಗಂಡನ ಮನೆಯಿಂದ 1936ರಲ್ಲಿ ತಂಗಿಗೆ ಬರೆದದ್ದು. ಕೊನೆಯಲ್ಲಿ "ನಿನ್ನ ಸರಸು" ಅಂತ ಸಹಿ. ಮಧ್ಯದಲ್ಲಿ ಒಂದು ಸಾಲು: "ಇಲ್ಲಿ ಎಲ್ಲರೂ ಶಾಂತಾ ಅಂತಲೇ ಕರೆಯುತ್ತಾರೆ, ಈಗ ಅಭ್ಯಾಸವಾಗಿದೆ." ಈ ಸಾಲನ್ನು ನಾನು ಮೊದಲೂ ಓದಿದ್ದೆ. ಮುದ್ದಿನ ಹೆಸರು ಅಂದುಕೊಂಡು ಮುಂದೆ ಹೋಗಿದ್ದೆ. ಮದುವೆಯಲ್ಲಿ ಅವಳ ಹೆಸರೇ ಬದಲಾಗಿತ್ತು ಅನ್ನುವುದು ಹೊಳೆದಿರಲಿಲ್ಲ.

ಕಾಗದವನ್ನೂ ಕ್ರಯಪತ್ರದ ನಕಲನ್ನೂ ಪಕ್ಕಪಕ್ಕ ಇಟ್ಟೆ. ಕಾಗದದಲ್ಲಿ ಸಹಿ "ಸರಸು", ಕ್ರಯಪತ್ರದಲ್ಲಿ "ಶಾಂತಾ ದಿನಕರ", ಎರಡು ಸಹಿಯಲ್ಲೂ ಸಮಾನವಾಗಿ ಇರುವುದು ಒಂದೇ ಅಕ್ಷರ, ರ. ಎರಡೂ ಕಡೆ ರ ಅಕ್ಷರದ ಸೊನ್ನೆ ಪೂರ್ತಿ ಮುಚ್ಚಿಲ್ಲ, ಎಡಗಡೆ ಸಣ್ಣ ಬಾಯಿ ಬಿಟ್ಟಿದೆ. ತಲೆಕಟ್ಟು ಅಕ್ಷರಕ್ಕೆ ತಾಗದೆ ಬಲಕ್ಕೆ ಜಾರಿ ಮುಂದಿನ ಜಾಗಕ್ಕೆ ಹೋಗಿ ನಿಂತಿದೆ. ನಡುವೆ 28 ವರ್ಷ ಕಳೆದಿದೆ, ಆದರೂ ಕೈ ಅದೇ. ನನಗೆ ಕಣ್ಣು ತುಂಬಿ ಬಂತು. ಒಂದು ಅಕ್ಷರದಿಂದ ಏನನ್ನೂ ಸಾಬೀತು ಮಾಡಲು ಆಗುವುದಿಲ್ಲ, ಅದು ನನಗೆ ಗೊತ್ತಿತ್ತು. ಆದರೆ ಯಾವ ದಿಕ್ಕಿಗೆ ಹೋಗಬೇಕು ಅನ್ನುವುದು ಗಟ್ಟಿಯಾಯಿತು.

ಈಗ ಎರಡನೆಯ ಮದುವೆ ಹುಡುಕಬೇಕು. ಅವಳ ಯಾವ ಹೆಸರಿನಲ್ಲಿ? ಇಲ್ಲೇ ಜಾಸ್ತಿ ಜನ ಸಿಕ್ಕಿಕೊಳ್ಳುವುದು. ಮದುಮಗಳು ಅಂದ ಕೂಡಲೇ ತವರಿನ ಹೆಸರು ಹುಡುಕುತ್ತೇವೆ. ಆದರೆ ವಿಧವೆ ಮತ್ತೆ ಮದುವೆಯಾಗುವಾಗ ಆ ಹೊತ್ತಿಗೆ ಇರುವ ಹೆಸರು ಮೊದಲ ಗಂಡನದ್ದು. ನಾನು ಅವಳ ಹೆಸರನ್ನೇ ಬಿಟ್ಟೆ. ದಿನಕರನ ಹೆಸರು ಹಿಡಿದೆ, ಅದು ಹುಟ್ಟಿದಾಗಿನಿಂದ ಬದಲಾಗಿಲ್ಲ ಅಲ್ವಾ. ರಘುನಾಥ ತೀರಿಕೊಂಡಿದ್ದು 1939ರಲ್ಲಿ ಅಂತ ಅವನ ಸಾವಿನ ದಾಖಲೆಯಿಂದ ಗೊತ್ತಾಯಿತು. ಅಲ್ಲಿಂದ ಮುಂದಕ್ಕೆ ಒಂದೊಂದೇ ವರ್ಷದ ಮದುವೆ ರಿಜಿಸ್ಟರಿನ ಸೂಚಿಯಲ್ಲಿ ದಿನಕರ ಅನ್ನುವ ವರನನ್ನು ನೋಡುತ್ತಾ ಹೋದೆ. ಐದನೆಯ ಪುಸ್ತಕದಲ್ಲಿ, 1943ರಲ್ಲಿ, ಇದ್ದರು. ವಧು: ಶಾಂತಾ ರಘುನಾಥ. ವಯಸ್ಸು: 24. ಸ್ಥಿತಿ: ವಿಧವೆ. ತಂದೆ: ವಾಮನ. ಸಾಕ್ಷಿಗಳಲ್ಲಿ ಒಬ್ಬ ಮಾಧವ, ಅವಳ ತಮ್ಮ. ಮಾಧವನ ಸಹಿ ಕ್ರಯಪತ್ರದಲ್ಲಿರುವ ಸಹಿಯೇ.

ಆ ಒಂದು ಪುಟ ಮೂರು ಹೆಸರನ್ನು ಕಟ್ಟಿ ಕೊಟ್ಟಿತು. ತಂದೆಯ ಕಾಲಂ ಹಿಂದಕ್ಕೆ ಸರಸ್ವತಿಗೆ ಸೇರಿಸುತ್ತದೆ, ವಧುವಿನ ಕಾಲಂ ರಘುನಾಥನಿಗೆ, ವರನ ಕಾಲಂ ಮುಂದಕ್ಕೆ ದಿನಕರನಿಗೆ. ಮದುವೆ ದಾಖಲೆ ಸಿಕ್ಕಿದರೆ ವಧುವಿನ ಹೆಸರಿಗಿಂತ ಮೊದಲು ಸ್ಥಿತಿಯ ಕಾಲಂ ನೋಡಿ. ಅಲ್ಲಿ ವಿಧವೆ ಅಂತಿದ್ದರೆ ಆ ಹೆಸರು ತವರಿನದ್ದಲ್ಲ ಅಂತಲೇ ಹೊರಡಬೇಕು.

ಮುಂದಿನ ದಾರಿ ಸುಲಭವಾಗಿತ್ತು. ಶಿಕ್ಷಕಿಯ ಪಿಂಚಣಿ ಫೈಲು "ಎಸ್. ದಿನಕರ" ಅಂತ ಸಿಕ್ಕಿತು, ಹುಟ್ಟಿದ ವರ್ಷ 1919. ಸರಸ್ವತಿಗೂ ಎಸ್, ಶಾಂತಾಗೂ ಎಸ್, ಹಾಗಾಗಿ ಇನಿಷಿಯಲ್ ಏನನ್ನೂ ಹೇಳುವುದಿಲ್ಲ. ಹುಟ್ಟಿದ ವರ್ಷ ಮತ್ತು ಮನೆ ವಿಳಾಸ, ಎರಡರಿಂದ ಖಾತ್ರಿ ಮಾಡಿಕೊಂಡೆ. ವಿಳಾಸ ಕ್ರಯಪತ್ರದಲ್ಲಿ ಇದ್ದದ್ದೇ.

ಸಾವಿನ ದಾಖಲೆ 1987ರದ್ದು. ಅದರಲ್ಲಿ ಹೆಸರು ಶಾಂತಾಬಾಯಿ, ಗಂಡ ದಿನಕರ, ತಂದೆ ರಘುನಾಥ. ತಂದೆ ರಘುನಾಥ! ಇದನ್ನು ಮೊದಲೇ ನೋಡಿದ್ದರೆ ನಾನು ಖಂಡಿತ ಬೇರೆ ಹೆಂಗಸು ಅಂತ ಪಕ್ಕಕ್ಕಿಡುತ್ತಿದ್ದೆ. ಮಾಹಿತಿ ಕೊಟ್ಟವರ ಜಾಗದಲ್ಲಿ ಮಗನ ಹೆಸರಿತ್ತು. ಅವರನ್ನು ಹುಡುಕಿ ಫೋನ್ ಮಾಡಿದೆ. ಸಂಬಂಧದಲ್ಲಿ ನನಗೆ ಮಾವ ಆಗಬೇಕು.

"ಮಾವ, ದೊಡ್ಡಜ್ಜಿಯ ಅಪ್ಪನ ಹೆಸರು ರಘುನಾಥ ಅಂತ ನಿಮಗೆ ಯಾರು ಹೇಳಿದ್ದು?"

"ಯಾರೂ ಹೇಳಿಲ್ಲಮ್ಮ. ಅವರ ಹಳೆಯ ಸರ್ಟಿಫಿಕೇಟಿನಲ್ಲಿ ಶಾಂತಾ ರಘುನಾಥ ಅಂತಿತ್ತು. ಮದುವೆಗೆ ಮುಂಚಿನದ್ದು ಅಂದ ಮೇಲೆ ಅಪ್ಪನ ಹೆಸರೇ ಅಂದುಕೊಂಡೆ."

ಅಮ್ಮನಿಗೆ ಮೊದಲೊಂದು ಮದುವೆಯಾಗಿತ್ತು ಅಂತ ಅವರಿಗೆ ಗೊತ್ತೇ ಇರಲಿಲ್ಲ. ನಾನು ಸ್ವಲ್ಪ ಹೊತ್ತು ಸುಮ್ಮನಾದೆ. ಆಮೇಲೆ ನಿಧಾನವಾಗಿ ಹೇಳಿದೆ. ಇಂಥ ವಿಷಯ ಫೋನಿನಲ್ಲಿ ಹೇಳಬಾರದಿತ್ತು ಅಂತ ಇವತ್ತಿಗೂ ಅನ್ನಿಸುತ್ತದೆ.

ಮೊದಲ ಗಂಡನ ಹೆಸರು ಹೀಗೆ ತವರಿನ ಹೆಸರಾಗಿ ಕೂತುಬಿಡುವುದು ಬೇರೆ ಕಡೆಯೂ ಇದೆ. ಇಂಗ್ಲೆಂಡ್ ಮತ್ತು ವೇಲ್ಸ್‌ನ ಜನನ ಸೂಚಿಯಲ್ಲಿ 1911ರಿಂದ ತಾಯಿಯ ತವರಿನ ಹೆಸರು ಬರುತ್ತದೆ, ಅಲ್ಲಿ ಹುಡುಕುವವರಿಗೆ ದೊಡ್ಡ ಅನುಕೂಲ. ಅಲ್ಲೂ ಹಿಂದಿನ ಗಂಡನ ಹೆಸರು ಆ ಜಾಗಕ್ಕೆ ಬಂದಿರಬಹುದು ಅಂತ ನೆನಪಿಟ್ಟುಕೊಂಡೇ ಓದಬೇಕು. ಸಾವಿನ ದಾಖಲೆಯಲ್ಲಂತೂ ಯಾರ ಬಗ್ಗೆ ಬರೆದಿದೆಯೋ ಅವಳು ತಿದ್ದಲು ಇರುವುದಿಲ್ಲ. ಹಾಗಾಗಿ ಮಾಹಿತಿ ಕೊಟ್ಟವರಿಗೆ ಅವಳ ಬಾಲ್ಯ ಎಷ್ಟು ಗೊತ್ತಿತ್ತು ಅಂತ ಕೇಳಿಕೊಳ್ಳಬೇಕು.

ಈಗ ನಾನು ಪ್ರತಿ ಹೆಣ್ಣಿಗೂ ಒಂದು ಹಾಳೆ ಇಡುತ್ತೇನೆ. ವರ್ಷ, ದಾಖಲೆ, ಅಲ್ಲಿ ಬರೆದ ಹಾಗೇ ಹೆಸರು, ಮಾಹಿತಿ ಕೊಟ್ಟವರು, ಹಿಂದಿನ ದಾಖಲೆಗೆ ಇದನ್ನು ಜೋಡಿಸುವ ಅಂಶ. ಕೊನೆಯ ಕಾಲಂ ಖಾಲಿ ಇದ್ದರೆ ಆ ದಾಖಲೆಯನ್ನು ಸೇರಿಸುವುದಿಲ್ಲ. ಹೆಸರು ಮಾತ್ರ ಹೊಂದಿದರೆ ಆ ಕಾಲಂ ಖಾಲಿ ಅಂತಲೇ ಲೆಕ್ಕ. 1961ರ ಸರಸ್ವತಿ ಆ ಹಾಳೆಯಲ್ಲಿ ಒಂದು ದಿನವೂ ನಿಲ್ಲುತ್ತಿರಲಿಲ್ಲ. ಹೆಸರನ್ನು ತಿದ್ದುವುದಿಲ್ಲ, ಶಾಂತಾಬಾಯಿ ಅಂತಿದ್ದರೆ ಶಾಂತಾಬಾಯಿಯೇ. ವಂಶವೃಕ್ಷದ ಸಾಫ್ಟ್‌ವೇರಿನಲ್ಲಿ ಹುಟ್ಟಿದಾಗಿನ ಹೆಸರನ್ನು ಮೊದಲು ಇಟ್ಟು ಉಳಿದವನ್ನು ಕೆಳಗೆ ಸೇರಿಸುತ್ತೇನೆ. ಫೈಲನ್ನು GEDCOM ಆಗಿ, ಅಂದರೆ ಬೇರೆ ವಂಶವೃಕ್ಷ ಸಾಫ್ಟ್‌ವೇರುಗಳೂ ಓದಬಲ್ಲ ರೂಪದಲ್ಲಿ, ತೆಗೆದರೆ ಹೀಗೆ ಕಾಣುತ್ತದೆ:

```
1 NAME ಸರಸ್ವತಿ /ವಾಮನ/
2 TYPE birth
1 NAME ಶಾಂತಾ /ರಘುನಾಥ/
2 TYPE married
1 NAME ಶಾಂತಾ /ದಿನಕರ/
2 TYPE married
```

ಹೀಗಿದ್ದರೆ ಯಾವ ಹೆಸರಿನಿಂದ ಹುಡುಕಿದರೂ ಅವಳೊಬ್ಬಳೇ ಸಿಗುತ್ತಾಳೆ. ಮೂರು ಹೆಸರಿಗೆ ಮೂರು ಬೇರೆ ಹೆಂಗಸರನ್ನು ಮಾಡಿಟ್ಟರೆ ಮುಂದೆ ಜೋಡಿಸುವವರು ಯಾರೂ ಇರುವುದಿಲ್ಲ.

ಒಂದು ಜಾಗ ಇನ್ನೂ ಖಾಲಿ ಇದೆ. 1939ರಿಂದ 1943ರವರೆಗೆ, ವಿಧವೆಯಾದ ಮೇಲೆ ಎರಡನೆಯ ಮದುವೆಯ ತನಕ, ಅವಳು ಎಲ್ಲಿದ್ದಳು? ಮಾವ ನೋಡಿದ ಆ ಸರ್ಟಿಫಿಕೇಟು ಶಿಕ್ಷಕಿಯರ ತರಬೇತಿಯದ್ದಂತೆ, ಈಗ ಅವರ ಬಳಿ ಇಲ್ಲ. ತರಬೇತಿ ಶಾಲೆಯ ಆ ನಾಲ್ಕು ವರ್ಷದ ದಾಖಲಾತಿ ಪುಸ್ತಕ ನೋಡಲು ಅರ್ಜಿ ಹಾಕಿದ್ದೇನೆ. ಅರ್ಜಿಯಲ್ಲಿ ಸರಸ್ವತಿ ವಾಮನ, ಶಾಂತಾ ವಾಮನ, ಸರಸ್ವತಿ ರಘುನಾಥ, ಶಾಂತಾ ರಘುನಾಥ, ನಾಲ್ಕನ್ನೂ ಬರೆದಿದ್ದೇನೆ. ಪಕ್ಕದಲ್ಲಿ 1919 ಅಂತ ಬರೆದು ಅಡಿಗೆರೆ ಹಾಕಿದ್ದೇನೆ.