ಕತ್ತರಿ ಎಲ್ಲಿ ಬೀಳಬೇಕು: ಲೋಟ-ಅಡಿಕೆ ಜಾದೂವಿನ ಪಾಠವನ್ನು ನಾನು ಬರೆದ ಬಗೆ

ಜಾದೂ ಕಲಿಸುವ ವಿಡಿಯೊ ಒಂದೇ ಆದರೂ ಅದರೊಳಗೆ ಎರಡು ಕೆಲಸಗಳಿವೆ. ಮೊದಲ ಅರ್ಧ ನೋಡುವವರ ಕಣ್ಣಿಗೆ ಮಣ್ಣೆರಚಬೇಕು, ಎರಡನೆಯ ಅರ್ಧ ಆ ಮಣ್ಣನ್ನು ತೊಳೆಯಬೇಕು. ಮೊದಲ ಅರ್ಧದಲ್ಲಿ ಕತ್ತರಿಗೆ ಎಷ್ಟು ಅಧಿಕಾರ ಕೊಡಬೇಕು ಎಂಬುದೇ ನನಗೆ ಬರವಣಿಗೆಯ ಮುಖ್ಯ ಪ್ರಶ್ನೆ. ಕ್ಯಾಮೆರಾ ನಿಲ್ಲಿಸಿ, ಸಾಮಾನನ್ನು ಬದಲಿಸಿ, ಮತ್ತೆ ಚಾಲೂ ಮಾಡಿದರೆ ಏನನ್ನು ಬೇಕಾದರೂ ಮಾಯ ಮಾಡಬಹುದು. ಸ್ವತಃ ಜಾದೂಗಾರನಾಗಿದ್ದ ಫ್ರಾನ್ಸಿನ ಜಾರ್ಜ್ ಮೆಲಿಯೆ 1896ರಲ್ಲೇ ಹೀಗೆ ಒಬ್ಬ ಮಹಿಳೆಯನ್ನು ಪರದೆಯ ಮೇಲೆ ಕಾಣೆಯಾಗಿಸಿದ್ದ. ಅದು ಸಿನಿಮಾ, ಪಾಠವಲ್ಲ. ನನ್ನ ವಿಡಿಯೊ ನೋಡಿದ ತೀರ್ಥಹಳ್ಳಿಯ ಹುಡುಗಿಯೊಬ್ಬಳು ಅದನ್ನು ಶಾಲಾ ವಾರ್ಷಿಕೋತ್ಸವದಲ್ಲಿ ಮಾಡಲು ನಿಂತಾಗ ಅವಳ ಕೈಯಲ್ಲಿ ಕತ್ತರಿ ಇರುವುದಿಲ್ಲ. ಹಾಗಾಗಿ ನಾನು ಇಟ್ಟುಕೊಂಡ ಕಟ್ಟಳೆ ಇಷ್ಟೇ: ಕತ್ತರಿ ಗುಟ್ಟನ್ನು ಮುಚ್ಚಬಹುದು, ಗುಟ್ಟಿನ ಕೆಲಸವನ್ನು ತಾನೇ ಮಾಡಬಾರದು.

ನಾನು ಆಯ್ದುಕೊಂಡದ್ದು ಲೋಟ ಮತ್ತು ಉಂಡೆಗಳ ಹಳೆಯ ಆಟ. ರೋಮಿನ ಸೆನೆಕಾ ತನ್ನ ಪತ್ರವೊಂದರಲ್ಲಿ ಬಟ್ಟಲು-ಹರಳುಗಳ ಕಣ್ಕಟ್ಟನ್ನು ಪ್ರಸ್ತಾಪಿಸುತ್ತಾನೆ, ನಮ್ಮ ಜಾತ್ರೆಗಳ ಗಾರುಡಿಗರೂ ಇದನ್ನು ಆಡುತ್ತಾ ಬಂದಿದ್ದಾರೆ. ನಾನು ಕಲಿಸಿದ್ದು ಇದರ ಅತಿ ಸುಲಭದ ರೂಪ. ಅಂಗಡಿಯಲ್ಲಿ ಸಿಗುವ ಮಕ್ಕಳ ಜಾದೂ ಪೆಟ್ಟಿಗೆಯಲ್ಲೂ ಇದು ಇರುವುದರಿಂದ ಯಾವ ಜಾದೂಗಾರನ ಹೊಟ್ಟೆಯ ಮೇಲೂ ಹೊಡೆದಂತಾಗುವುದಿಲ್ಲ. ಉಂಡೆಯ ಬದಲು ಚಾಲಿ ಅಡಿಕೆ. ಅದರ ಮೈ ಒರಟಾಗಿರುವುದರಿಂದ ಮೇಜಿನ ಮೇಲೆ ಉರುಳಿ ಹೋಗುವುದು ಕಡಿಮೆ, ಮನೆಯಲ್ಲಿ ಹುಡುಕುವ ಕಷ್ಟವೂ ಇಲ್ಲ. ಲೋಟಗಳು ಹಿತ್ತಾಳೆಯವು, ಹುಳಿ ಹಾಕಿ ಬೆಳಗದೆ ಬಿಟ್ಟಂಥವು. ಸ್ಟೀಲ್ ಲೋಟವಾದರೆ ಪಕ್ಕದ ಲೋಟದ ಒಳಗಿನ ಅಡಿಕೆ ಅದರ ಹೊಳಪಿನಲ್ಲಿ ಕಂಡುಬಿಡುತ್ತದೆ. ಎದುರು ಕುಳಿತವರು ಗಮನಿಸದೆ ಹೋಗಬಹುದು, ವಿಡಿಯೊ ನಿಲ್ಲಿಸಿ ನೋಡುವವರು ಬಿಡುವುದಿಲ್ಲ.

ಆಟ ಹೀಗೆ ಕಾಣುತ್ತದೆ. ಮೂರು ಲೋಟಗಳನ್ನು ಸಾಲಾಗಿ ಕವುಚಿಡುತ್ತೇನೆ. ನಡುವಿನ ಲೋಟದ ತಳದ ಮೇಲೆ ಒಂದು ಅಡಿಕೆ ಇಟ್ಟು, ಅದರ ಮೇಲೆ ಉಳಿದ ಎರಡು ಲೋಟಗಳನ್ನು ಒಂದೊಂದಾಗಿ ಕವುಚಿ, ಬೆರಳಿನಿಂದ ತಟ್ಟಿ, ಮೂರನ್ನೂ ಒಟ್ಟಿಗೆ ಎತ್ತುತ್ತೇನೆ. ಅಡಿಕೆ ಲೋಟವನ್ನು ತೂರಿ ಮೇಜಿನ ಮೇಲೆ ಬಿದ್ದಿದೆ! ಎರಡನೆಯ ಅಡಿಕೆಯೂ ಹಾಗೆಯೇ, ಮೂರನೆಯದೂ ಹಾಗೆಯೇ.

ಗುಟ್ಟೆಂದರೆ ನಾಲ್ಕನೆಯ ಅಡಿಕೆ. ಲೋಟಗಳು ಬಾಯಿ ಮೇಲಾಗಿ ಒಂದರೊಳಗೊಂದು ಕೂತಿರುವಾಗಲೇ ಅದು ಮಧ್ಯದ ಲೋಟದೊಳಗೆ ಇರುತ್ತದೆ. ಕೆಳಗಿನಿಂದ ಒಂದೊಂದೇ ಲೋಟವನ್ನು ಎಳೆದು ಕವುಚುವಾಗ ಎರಡನೆಯದು ತನ್ನ ಅಡಿಕೆಯನ್ನೂ ಹೊತ್ತುಕೊಂಡು ನಡುವೆ ಕೂರುತ್ತದೆ. ಚೆಂದವಿರುವುದು ಮುಂದೆ. ಮೇಲಿಟ್ಟ ಅಡಿಕೆ ಎಲ್ಲಿಗೂ ಹೋಗಿರುವುದಿಲ್ಲ, ಎರಡು ಲೋಟಗಳ ನಡುವೆಯೇ ಸಿಕ್ಕಿಕೊಂಡಿರುತ್ತದೆ. ಮೂರನ್ನೂ ಎತ್ತಿ ಬಾಯಿ ಮೇಲೆ ಮಾಡಿದರೆ ಅದು ಮತ್ತೆ ಮಧ್ಯದ ಲೋಟದೊಳಗೆ, ಮುಂದಿನ ಸುತ್ತಿಗೆ ಸಿದ್ಧ. ಈ ಸಲ ಆ ಲೋಟವನ್ನು ಮೇಜಿನ ಮೇಲಿರುವ ಅಡಿಕೆಯ ಮೇಲೆ ಕವುಚಿದರಾಯಿತು. ಅಂದರೆ ಇಡೀ ಆಟದಲ್ಲಿ ಮರೆಯಾಗಬೇಕಾದ ಕೆಲಸ ಒಂದೇ, ನಾಲ್ಕನೆಯ ಅಡಿಕೆಯನ್ನು ಮೊದಲು ತುಂಬುವುದು. ಕತ್ತರಿಯ ಬಗ್ಗೆ ಬರೆಯಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಗಲಿಲ್ಲ.

ಮೊದಲ ಕತ್ತರಿ ಬೀಳುವುದು ಇಲ್ಲೇ. ನಮಸ್ಕಾರ ಹೇಳಿ, ಇವತ್ತು ಏನು ನೋಡಲಿದ್ದೀರಿ ಎಂದು ಹೇಳುವ ಒಂದು ಶಾಟ್. ಅಲ್ಲಿ ಕಟ್. ಮುಂದಿನ ಶಾಟ್‌ನಲ್ಲಿ ಲೋಟಗಳು ನನ್ನ ಕೈಯಲ್ಲಿವೆ, ಮೂರು ಅಡಿಕೆಗಳು ಮೇಲಿನ ಲೋಟದಲ್ಲಿವೆ, ನಾಲ್ಕನೆಯದು ಆಗಲೇ ಒಳಗಿದೆ. ಇದು ಮೋಸವಲ್ಲವೇ ಎಂದು ಕೇಳಬಹುದು. ಮನೆಯಲ್ಲಿ ಆಡುವಾಗ ಇದೇ ಕೆಲಸವನ್ನು ಕೈಚೀಲ ಮಾಡುತ್ತದೆ. ಮೊದಲೇ ತುಂಬಿಟ್ಟ ಲೋಟಗಳನ್ನು ಚೀಲದಿಂದ ತೆಗೆಯುತ್ತೇವೆ, ತುಂಬಿದ್ದನ್ನು ಎದುರಿಗಿರುವವರೂ ನೋಡಿರುವುದಿಲ್ಲ. ಚೀಲ ಮಾಡುವಷ್ಟನ್ನೇ ಕತ್ತರಿ ಮಾಡಿದರೆ ಲೆಕ್ಕ ಸರಿಯಾಯಿತು.

ಆದರೆ ಇದೇ ಕಟ್ ಒಂದು ಸಾಲಿನ ಮಾತಿನಿಂದ ಕೆಟ್ಟುಹೋಗುತ್ತದೆ. ಮೊದಲ ಶಾಟ್‌ನಲ್ಲಿ ಲೋಟಗಳನ್ನು ಕ್ಯಾಮೆರಾದತ್ತ ವಾಲಿಸಿ "ನೋಡಿ, ಖಾಲಿ" ಎಂದು ತೋರಿಸಿ, ಕಟ್ ಮಾಡಿ, ಅಡಿಕೆ ತುಂಬಿ, ಮುಂದುವರಿಸಿದೆ ಎನ್ನಿ. ಈಗ ಕತ್ತರಿ ಚೀಲದ ಕೆಲಸವನ್ನು ಮೀರಿತು. ಖಾಲಿ ತೋರಿಸಿದ ಲೋಟಕ್ಕೆ ಎಲ್ಲರ ಕಣ್ಣೆದುರು ಅಡಿಕೆ ಸೇರಿಸುವುದು ಬೇರೆಯೇ ಒಂದು ಕೈಚಳಕ, ಅದನ್ನು ನಾನು ಕಲಿಸುತ್ತಿಲ್ಲ. ಆದ್ದರಿಂದ ಬರವಣಿಗೆಯಲ್ಲೇ ಗುರುತು ಹಾಕಿಕೊಂಡೆ: ಮೊದಲ ಶಾಟ್‌ನಲ್ಲಿ ಲೋಟ ಕಾಣಿಸಬಾರದು, "ಖಾಲಿ" ಎಂಬ ಮಾತು ಎಲ್ಲಿಯೂ ಬರಬಾರದು.

ಗುರುತು ಹಾಕಲು ನೋಟ್‌ಪುಸ್ತಕದ ಹಾಳೆಯನ್ನು ಮೂರು ಕಾಲಂ ಮಾಡುತ್ತೇನೆ. ಒಂದರಲ್ಲಿ ನೋಡುವವರಿಗೆ ಕಾಣುವುದು, ಇನ್ನೊಂದರಲ್ಲಿ ನಿಜವಾಗಿ ನಡೆಯುವುದು, ಮೂರನೆಯದರಲ್ಲಿ ಕತ್ತರಿ. ಈ ಮೂರನೆಯ ಕಾಲಂ ನನಗೆ ಅಡಿಕೆ ಮಂಡಿಯ ಖಾತೆ ಇದ್ದ ಹಾಗೆ. ಪ್ರದರ್ಶನದಲ್ಲಿ ಒಂದು ಕಟ್ ಏನನ್ನಾದರೂ ಮುಚ್ಚಿದರೆ ಅದು ನೋಡುವವರಿಂದ ತಂದ ಸಾಲ, ವಿವರಣೆಯ ಭಾಗದಲ್ಲಿ ಆ ತುಣುಕನ್ನೇ ತೋರಿಸಿ ತೀರಿಸಬೇಕು. ತೀರಿಸಲಾಗದ ಸಾಲ ಕಂಡುಬಂದರೆ ಆ ಕಟ್ ಅನ್ನು ಹಾಳೆಯ ಮೇಲೆಯೇ ಹೊಡೆದುಹಾಕುತ್ತೇನೆ.

ಲೋಟಗಳನ್ನು ಕವುಚುವ ಕ್ಷಣಕ್ಕೆ ಮೂರನೆಯ ಕಾಲಂನಲ್ಲಿ "ಇಲ್ಲ" ಎಂದು ದಪ್ಪಕ್ಷರದಲ್ಲಿ ಬರೆದಿದ್ದೆ. ನೋಡುವವರು ಸಂಶಯದಿಂದ ನಿಲ್ಲಿಸುವ ಜಾಗ ಅದೇ. ಯೂಟ್ಯೂಬ್‌ನಲ್ಲಿ ವಿಡಿಯೊ ನಿಲ್ಲಿಸಿ ಕೀಲಿಮಣೆಯ ಅಲ್ಪವಿರಾಮ ಮತ್ತು ಚುಕ್ಕಿ ಕೀಲಿಗಳನ್ನು ಒತ್ತಿದರೆ ಒಂದೊಂದೇ ಫ್ರೇಮ್ ಹಿಂದೆ ಮುಂದೆ ಸರಿಯುತ್ತದೆ. ಸೆಕೆಂಡಿಗೆ 30 ಫ್ರೇಮ್‌ಗಳ ವಿಡಿಯೊದಲ್ಲಿ ಅರ್ಧ ಸೆಕೆಂಡಿನ ಕೈ ತಿರುಗಣೆಗೆ 15 ಚಿತ್ರಗಳಿರುತ್ತವೆ, ಅದರಲ್ಲಿ ಒಂದರಲ್ಲಿ ಕಂದು ಬಣ್ಣ ಇಣುಕಿದರೂ ಮುಗಿಯಿತು. ಇಣುಕಿದ ಫ್ರೇಮ್ ಅನ್ನು ಕಿತ್ತುಹಾಕುವುದು ಬಲು ಸುಲಭ, ಯಾರಿಗೂ ತಿಳಿಯುವುದಿಲ್ಲ. ಆದರೆ ಅದೂ ಕತ್ತರಿಯಿಂದ ಮಾಡಿಸಿದ ಕೆಲಸವೇ. ಬದಲಿಗೆ ಮೊಬೈಲನ್ನು ಎದುರು ಕುಳಿತವರ ಕಣ್ಣಿನ ಎತ್ತರಕ್ಕೆ ಇಳಿಸಿ, ಲೋಟದ ಬಾಯಿ ನನ್ನ ಎದೆಯತ್ತ ವಾಲುವಂತೆ ಕೈ ತಿದ್ದಿಕೊಂಡೆ. ಮೂರು ಲೋಟಗಳೂ ಒಂದೇ ವೇಗದಲ್ಲಿ ತಿರುಗಬೇಕು. ಮಧ್ಯದ್ದು ಮಾತ್ರ ಅವಸರದಲ್ಲಿ ತಿರುಗಿದರೆ ಫ್ರೇಮ್ ಎಣಿಸುವ ಅಗತ್ಯವೇ ಇಲ್ಲ, ಬರಿಗಣ್ಣಿಗೇ ಗೊತ್ತಾಗುತ್ತದೆ. ಅಡುಗೆ ವಿಡಿಯೊಗಳಂತೆ ಮೇಲಿನಿಂದ ನೇರವಾಗಿ ಚಿತ್ರಿಸುವ ಚಾಳಿ ಈಗ ಎಲ್ಲ ಕಡೆ ಇದೆ. ಪ್ರದರ್ಶನಕ್ಕೆ ಅದು ಸಲ್ಲದು, ಲೋಟದ ಒಳಗೇ ಕ್ಯಾಮೆರಾ ಇಟ್ಟಂತೆ.

ಇನ್ನೊಂದು ವಿಷಯ ಶಬ್ದ. ಒಣ ಚಾಲಿ ಹಿತ್ತಾಳೆಗೆ ತಾಗಿದರೆ ಟಣ್ ಎನ್ನುತ್ತದೆ. ಆ ಟಣ್ ಅನ್ನು ಎಡಿಟಿಂಗ್‌ನಲ್ಲಿ ಅಳಿಸುವುದು ನನ್ನ ದೃಷ್ಟಿಯಲ್ಲಿ ಚಿತ್ರ ಕತ್ತರಿಸಿದಷ್ಟೇ ತಪ್ಪು, ಏಕೆಂದರೆ ಕಲಿತ ಹುಡುಗಿಗೆ ವಾರ್ಷಿಕೋತ್ಸವದಲ್ಲಿ ಅದು ಕೇಳಿಯೇ ಕೇಳುತ್ತದೆ. ಹಳೆಯ ಬನಿಯನ್ನಿನ ದುಂಡು ತುಂಡುಗಳನ್ನು ಮೈದಾ ಅಂಟಿನಿಂದ ಮೂರೂ ಲೋಟಗಳ ಒಳತಳಕ್ಕೆ ಅಂಟಿಸಿದೆ. ಎರಡನೆಯ ಲೋಟ ಮೇಜಿಗೆ ತಾಗುವ ಹೊತ್ತಿಗೆ ಸರಿಯಾಗಿ "ಇದು ನಡುವಿನ ಮನೆ" ಎಂಬ ಮಾತು ಬರುವಂತೆ ಸಾಲು ಬರೆದೆ. ಮಾತು ಶಬ್ದವನ್ನು ಮುಚ್ಚುತ್ತದೆ, ವೇದಿಕೆಯ ಮೇಲೂ ಹಾಗೆಯೇ ಮುಚ್ಚುತ್ತದೆ. ಇದನ್ನು ವಿವರಣೆಯಲ್ಲಿ ಹೇಳಿಕೊಟ್ಟೆ, ಮಾತೂ ವಿಧಾನದ ಭಾಗವೇ.

ಆಟದ ನಡುವೆ ಅಡಿಕೆಯನ್ನು ಹತ್ತಿರದಿಂದ ತೋರಿಸುವ ಆಸೆ ಬಿಡುವುದು ಕಷ್ಟ. ಮೊದಲ ಅಡಿಕೆ ತೂರಿಬಂದಾಗ ಎರಡನೆಯ ಮೊಬೈಲಿನ ಕ್ಲೋಸಪ್‌ಗೆ ಕಟ್ ಮಾಡಬಹುದಿತ್ತು. ಆಗ ಲೋಟಗಳಿರುವ ಕೈ ಚೌಕಟ್ಟಿನ ಆಚೆ ಹೋಗುತ್ತದೆ. ಆ ಹೊತ್ತಿನಲ್ಲಿ ನಾನು ಏನೂ ಮಾಡುತ್ತಿರುವುದಿಲ್ಲ, ಮುಂದಿನ ಅಡಿಕೆ ತಾನಾಗಿಯೇ ಒಳಗೆ ಕೂತಾಗಿದೆ. ಆದರೂ ನೋಡುವವರು "ಅಲ್ಲೇ ತುಂಬಿದ" ಎಂದು ತೀರ್ಮಾನಿಸಿ, ತಪ್ಪು ಗುಟ್ಟನ್ನು ಹಿಡಿದುಕೊಂಡು ವಿವರಣೆಗೆ ಬರುತ್ತಾರೆ. ಏನನ್ನೂ ಮುಚ್ಚದ ಕಟ್ ಕೂಡ ಮೋಸದ ವಾಸನೆ ಹೊಡೆಯಬಹುದು. ಕ್ಲೋಸಪ್ ಅನ್ನು ಪರದೆಯ ಮೂಲೆಯಲ್ಲಿ ಪುಟ್ಟ ಚೌಕದಲ್ಲಿ ಕೂರಿಸಿ, ಎರಡೂ ಕೈಗಳಿರುವ ಮುಖ್ಯ ಚಿತ್ರವನ್ನು ಹಾಗೆಯೇ ಓಡಲು ಬಿಟ್ಟೆ.

ಪರೀಕ್ಷೆಗೆ ಅಕ್ಕನ ಮಗನನ್ನು ಕೂರಿಸಿದೆ. ಎಲ್ಲಿ ಕಟ್ ಇದೆ ಎನಿಸುತ್ತದೋ ಅಲ್ಲಿ ಮೇಜು ತಟ್ಟು ಎಂದಿದ್ದೆ. ಆರಂಭದ ಕಟ್‌ಗೆ ಅವನು ತಟ್ಟಲೇ ಇಲ್ಲ, ಕತ್ತರಿಯೇ ಇಲ್ಲದ ಎರಡನೆಯ ಸುತ್ತಿನಲ್ಲಿ ತಟ್ಟಿದ. "ಮಾವ, ಇಲ್ಲಿ ಬೆಳಕು ಹಾರಿತಲ್ಲ" ಎಂದ. ಹೌದು, ಗಾಜಿನ ಹೆಂಚಿನಿಂದ ಬೀಳುತ್ತಿದ್ದ ಬಿಸಿಲಿನ ಮೇಲೆ ಮೋಡ ಹಾದಿತ್ತು. ಮಳೆಗಾಲದ ಮಲೆನಾಡಿನಲ್ಲಿ ಕಿಟಕಿಯ ಬೆಳಕನ್ನು ನಂಬಿ ಕಟ್ ಇಲ್ಲದ ಶಾಟ್ ತೆಗೆಯುವುದೆಂದರೆ ಹೀಗೆಯೇ. ಹೆಂಚಿನ ಗಾಜಿಗೆ ಗೋಣಿ ಹೊದಿಸಿ, ಕಿಟಕಿ ಮುಚ್ಚಿ, ದೀಪದ ಬೆಳಕಿನಲ್ಲೇ ಮತ್ತೆ ತೆಗೆದೆ. ನಮ್ಮ ವಿದ್ಯುತ್ 50 ಹರ್ಟ್ಸ್‌ನದಾದ್ದರಿಂದ ಶಟರ್ ವೇಗವನ್ನು 1/50ಕ್ಕೆ ನಿಲ್ಲಿಸಿದರೆ ದೀಪದ ಮಿನುಗು ಪಟ್ಟೆಯಾಗಿ ಕಾಣುವುದಿಲ್ಲ. ಕೈಯ ಚಲನೆಯೂ ಕಣ್ಣಿಗೆ ಕಾಣುವಷ್ಟೇ ಮಸುಕಾಗಿ ಬರುತ್ತದೆ.

ವಿವರಣೆಯ ಭಾಗ ಖಾತೆ ತೀರಿಸುವ ಜಾಗ. ಅದನ್ನು ಮೊದಲ ಕಟ್‌ನಿಂದಲೇ ಶುರು ಮಾಡಿದೆ. ನಮಸ್ಕಾರದ ಶಾಟ್ ಮತ್ತೆ ಬರುತ್ತದೆ, ಕಟ್ ಬೀಳುವ ಜಾಗದಲ್ಲಿ ಚಿತ್ರ ನಿಲ್ಲುತ್ತದೆ, "ಇಲ್ಲಿ ನೀವು ನೋಡದ ತುಣುಕು ಇದು" ಎಂದು ಹೇಳಿ ಅಂದು ಚಿತ್ರಿಸಿದ್ದ ತುಣುಕನ್ನೇ ಸೇರಿಸಿದೆ: ಅದೇ ಅಂಗಿ, ಅದೇ ಬೆಳಕು, ನಾಲ್ಕನೆಯ ಅಡಿಕೆ ಲೋಟಕ್ಕೆ ಬೀಳುತ್ತಿದೆ. ಇದಕ್ಕಾಗಿ ಪ್ರದರ್ಶನದ ದಿನ ಕ್ಯಾಮೆರಾವನ್ನು ನಿಲ್ಲಿಸದೆ ಓಡಿಸಬೇಕು. ಆಮೇಲೆ ಬೇರೆ ದಿನ ಚಿತ್ರಿಸಿ ಸೇರಿಸಿದರೆ ಅದು ಸಾಕ್ಷಿಯಾಗುವುದಿಲ್ಲ. ಅಲ್ಲಿಂದ ಮುಂದೆ ಕ್ಯಾಮೆರಾ ನನ್ನ ಹೆಗಲ ಮೇಲೆ, ಕಲಿಯುವವರಿಗೆ ತಮ್ಮದೇ ಕೈಗಳಂತೆ ಕಾಣುವ ಕೋನದಲ್ಲಿ. ಲೋಟಗಳ ಬದಲು ಮದುವೆ ಮನೆಯ ಪಾರದರ್ಶಕ ಪ್ಲಾಸ್ಟಿಕ್ ಲೋಟಗಳು. ಅಮೆರಿಕದ ಪೆನ್ ಮತ್ತು ಟೆಲ್ಲರ್ ಜೋಡಿ ಈ ಆಟವನ್ನು ಪಾರದರ್ಶಕ ಲೋಟಗಳಲ್ಲೇ ಆಡಿ ಹೆಸರು ಮಾಡಿತು, ನನಗೆ ಅವು ಬರೀ ಪಾಠದ ಸಾಧನ. ಸಿಕ್ಕಿಕೊಂಡ ಅಡಿಕೆ ಮತ್ತೆ ಮಧ್ಯಕ್ಕೆ ಬಂದು ಕೂರುವುದು ಇವುಗಳಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಒಳಗೆ ಅಡಿಕೆ ದಪ್ಪವಾದರೆ ಮೇಲಿನ ಲೋಟ ಎದ್ದು ನಿಂತು ಅಂಚುಗಳ ನಡುವಿನ ಸಂದು ಅಸಮವಾಗುವುದನ್ನೂ ಇಲ್ಲೇ ತೋರಿಸಬಹುದು. ಲೋಟಗಳನ್ನು ಒಂದರೊಳಗೊಂದು ಇಟ್ಟಾಗ ತಳಗಳ ನಡುವೆ ಉಳಿಯುವ ಜಾಗಕ್ಕಿಂತ ಸಣ್ಣ ಅಡಿಕೆಯನ್ನೇ ಆರಿಸಬೇಕು.

ಈ ಆಟದ ದೊಡ್ಡ ರೂಪದಲ್ಲಿ ಕೊನೆಗೆ ಲೋಟದಡಿಯಿಂದ ನಿಂಬೆಹಣ್ಣು ಹೊರಬರುತ್ತದೆ. ಅದನ್ನು ತುಂಬುವುದು ಆಟದ ನಡುವೆ, ನೋಡುವವರ ಗಮನ ಬೇರೆಡೆ ಇರುವಾಗ. ಕ್ಯಾಮೆರಾಕ್ಕೆ ಗಮನ ತಪ್ಪುವುದಿಲ್ಲವಾದ್ದರಿಂದ ಅಲ್ಲಿ ಕತ್ತರಿ ಹಾಕುವ ಸೆಳೆತ ವಿಪರೀತ. ಅದನ್ನು ಎದುರು ಕೂರಿಸಿಕೊಂಡೇ ಕಲಿಸುತ್ತೇನೆ, ವಿಡಿಯೊದಲ್ಲಿ ಇಲ್ಲ. ಹಾಗೆಯೇ ಪ್ರದರ್ಶನದ ಭಾಗವನ್ನು ಮಾತ್ರ ಕಿರು ವಿಡಿಯೊ ಮಾಡಿ ಹಾಕುವುದಾದರೆ ನಮಸ್ಕಾರದ ಶಾಟ್ ಅನ್ನೇ ಬಿಟ್ಟು, ಲೋಟ ಕೈಯಲ್ಲಿರುವಲ್ಲಿಂದ ಕೊನೆಯವರೆಗೆ ಒಂದೇ ಓಟದಲ್ಲಿ ಹಾಕುತ್ತೇನೆ. ಅದರಲ್ಲಿ ಸಾಲ ತೀರಿಸಲು ವಿವರಣೆ ಇರುವುದಿಲ್ಲ, ಹಾಗಾಗಿ ಒಂದು ಕಟ್ ಕೂಡ ಇರಕೂಡದು.